ಸೆಕೆಂಡ್ ಹ್ಯಾಂಡ್ ಟ್ರೆಡ್‌ಮಿಲ್: ಜಾಹೀರಾತಿನ ನಾಲ್ಕು ಸಂಖ್ಯೆ ಹೋಲಿಸಿ ಆರಿಸುವುದು ಹೇಗೆ

ಬಳಸಿದ ಟ್ರೆಡ್‌ಮಿಲ್ ಮಾರುವವರು ಸಾಮಾನ್ಯವಾಗಿ ನಾಲ್ಕು ವಿಷಯ ಬರೆದಿರುತ್ತಾರೆ. ಎಷ್ಟು ತೂಕದವರು ಹತ್ತಬಹುದು, ಮೋಟರ್ ಎಷ್ಟು ಎಚ್‌ಪಿ, ಅಳತೆ ಎಷ್ಟು, ಮತ್ತು ಕೊನೆಯಲ್ಲಿ ಚಿಕ್ಕದಾಗಿ "ನೀವೇ ಬಂದು ತೆಗೆದುಕೊಂಡು ಹೋಗಬೇಕು". ಎರಡು ಮೂರು ಜಾಹೀರಾತು ಪಕ್ಕಪಕ್ಕ ಇಟ್ಟುಕೊಂಡರೆ ದೊಡ್ಡ ಸಂಖ್ಯೆ ಇರುವುದೇ ಒಳ್ಳೆಯದು ಅನ್ನಿಸುತ್ತದೆ. ಆದರೆ ಈ ನಾಲ್ಕರಲ್ಲಿ ಪ್ರತಿಯೊಂದಕ್ಕೂ ಇನ್ನೊಂದು ಸಂಖ್ಯೆ ಇರುತ್ತದೆ, ಅದನ್ನು ಯಾರೂ ಬರೆದಿರುವುದಿಲ್ಲ. ಅದನ್ನು ಕೇಳಿ ತಿಳಿದುಕೊಂಡ ಮೇಲೆ ಎಷ್ಟೋ ಸಲ ಆಯ್ಕೆ ತಿರುಗಿಬೀಳುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಮನೆಯಲ್ಲಿ ಇಬ್ಬರು ಬಳಸುವವರು. ಒಬ್ಬರು 92 ಕೆಜಿ, 178 ಸೆಂ.ಮೀ. ಎತ್ತರ. ಈಗ ನಡಿಗೆ, ಮುಂದೆ ನಿಧಾನಕ್ಕೆ ಓಡುವ ಆಸೆ. ಇನ್ನೊಬ್ಬರು 64 ಕೆಜಿ, ಬರೀ ನಡಿಗೆ. ಮನೆ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಇವರ ಮುಂದೆ ಮೂರು ಜಾಹೀರಾತುಗಳಿವೆ:

"4 ಎಚ್‌ಪಿ ಟ್ರೆಡ್‌ಮಿಲ್, 110 ಕೆಜಿ ವರೆಗೆ, ಮಡಚಿ ಇಡಬಹುದು, ಜಾಸ್ತಿ ಬಳಸಿಲ್ಲ."

"2.5 ಎಚ್‌ಪಿ, 135 ಕೆಜಿ ವರೆಗೆ, ಗಟ್ಟಿ ಮೆಷೀನ್, ಸ್ವಲ್ಪ ಭಾರ ಇದೆ."

"ವಾಕಿಂಗ್ ಪ್ಯಾಡ್, 100 ಕೆಜಿ ವರೆಗೆ, ಮಂಚದ ಕೆಳಗೆ ಹಿಡಿಸುತ್ತದೆ."

ಓದಿದ ತಕ್ಷಣ ಮೊದಲನೆಯದೇ ಸರಿ ಅನ್ನಿಸುತ್ತದೆ ಅಲ್ವಾ? ಮೋಟರ್ ದೊಡ್ಡದು, ಮಡಚಬಹುದು, ತೂಕದ ಮಿತಿಯೂ 92ಕ್ಕಿಂತ ಜಾಸ್ತಿ. ಈಗ ಒಂದೊಂದಾಗಿ ಬಿಡಿಸೋಣ.

ತೂಕದ ಮಿತಿ

ಜಾಹೀರಾತಿನಲ್ಲಿ ಬರೆಯುವ ಮಿತಿ ಮೆಷೀನ್ ಹೊಸದಿದ್ದಾಗ ಕಂಪನಿ ಕೊಟ್ಟದ್ದು. ನಡೆಯುವಾಗ ಬೆಲ್ಟಿನ ಕೆಳಗಿರುವ ಹಲಗೆಯ ಮೇಲೆ ಬೀಳುವ ಹೊರೆ ಮೈತೂಕಕ್ಕಿಂತ ಸ್ವಲ್ಪವೇ ಜಾಸ್ತಿ. ಓಡುವಾಗ ಹಾಗಲ್ಲ. ಪ್ರತಿ ಹೆಜ್ಜೆಗೂ ಮೈತೂಕದ ಎರಡು ಎರಡೂವರೆ ಪಟ್ಟು ಹೊರೆ ಒಂದೇ ಕಾಲಿನಿಂದ ಬೀಳುತ್ತದೆ. 92 ಕೆಜಿಯವರು ಓಡಿದರೆ ಅದು 200 ಕೆಜಿ ದಾಟಬಹುದು. ಹಲಗೆಯ ಕೆಳಗಿನ ರಬ್ಬರ್ ಬುಷ್‌ಗಳು ವರ್ಷ ಕಳೆದ ಹಾಗೆ ಗಟ್ಟಿಯಾಗುತ್ತವೆ, ಹಲಗೆ ಸವೆಯುತ್ತದೆ, ಬೋಲ್ಟ್‌ಗಳು ಸಡಿಲವಾಗುತ್ತವೆ. ಆದ್ದರಿಂದ ಹಳೇ ಮೆಷೀನ್‌ನಲ್ಲಿ ಬರೆದ ಮಿತಿಯನ್ನು ಪೂರ್ತಿ ಬಳಸಬಾರದು. ಓಡುವುದಾದರೆ ಮೈತೂಕ ಮಿತಿಯ ಶೇಕಡಾ 80ರ ಒಳಗಿರಲಿ ಅನ್ನುವುದು ನನ್ನ ಲೆಕ್ಕ. ನಡಿಗೆಗೆ ಮಾತ್ರ ಅಂದರೆ 90ರ ವರೆಗೂ ನಡೆಯುತ್ತದೆ.

110ರ ಶೇಕಡಾ 80 ಅಂದರೆ 88 ಕೆಜಿ. ನಮ್ಮ 92 ಕೆಜಿಯವರು ಮೊದಲ ಮೆಷೀನ್‌ನಲ್ಲಿ ನಡೆಯಬಹುದು, ಓಡುವುದು ಬೇಡ. ಎರಡನೆಯದರಲ್ಲಿ 135ಕ್ಕೆ 108 ಬರುತ್ತದೆ, ಯೋಚನೆಯೇ ಇಲ್ಲ. ಮೂರನೆಯದರಲ್ಲಿ 100ರ ಶೇಕಡಾ 90 ಅಂದರೆ 90. ಅವರ ತೂಕ ನಡಿಗೆಯ ಲೆಕ್ಕವನ್ನೂ ಸ್ವಲ್ಪ ದಾಟುತ್ತದೆ.

ಇಲ್ಲಿ ಕೇಳಬೇಕಾದ ಇನ್ನೊಂದು ಸಂಖ್ಯೆ ಮೆಷೀನ್‌ನ ಸ್ವಂತ ತೂಕ. ಎರಡು ಮೆಷೀನ್‌ಗಳ ಮಿತಿ ಹತ್ತಿರ ಹತ್ತಿರ ಇದ್ದು, ಒಂದು 50 ಕೆಜಿ, ಇನ್ನೊಂದು 90 ಕೆಜಿ ಇದ್ದರೆ ಯಾವುದರಲ್ಲಿ ಕಬ್ಬಿಣ ಜಾಸ್ತಿ ಹಾಕಿದ್ದಾರೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಕೇಳಿದಾಗ ಬಂದ ಉತ್ತರ: ಮೊದಲನೆಯದು 52 ಕೆಜಿ, ಎರಡನೆಯದು 98, ವಾಕಿಂಗ್ ಪ್ಯಾಡ್ 26.

ಮೋಟರ್

ಜಾಸ್ತಿ ಜನ ಮೋಸಹೋಗುವುದು ಇಲ್ಲಿ. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಎಚ್‌ಪಿಯಲ್ಲಿ ಎರಡು ಬಗೆ. ಒಂದು ಪೀಕ್, ಅಂದರೆ ಮೋಟರ್ ಕೆಲವೇ ಕ್ಷಣ ಕೊಡಬಲ್ಲ ಗರಿಷ್ಠ ಬಲ. ಇನ್ನೊಂದು ಕಂಟಿನ್ಯುಯಸ್, ಅಂದರೆ ಬಿಸಿಯಾಗಿ ಸುಟ್ಟುಹೋಗದೆ ಒಂದೇ ಸಮನೆ ಕೊಡುತ್ತಾ ಹೋಗುವ ಬಲ. ನಿಮ್ಮ ಅರ್ಧ ಗಂಟೆಯ ನಡಿಗೆಗೆ ಬೇಕಾದದ್ದು ಎರಡನೆಯದು. ಪೀಕ್ ಸಂಖ್ಯೆ ಅದರ ಎರಡು ಪಟ್ಟೋ ಅದಕ್ಕಿಂತ ಜಾಸ್ತಿಯೋ ಇರಬಹುದು. ಜಾಹೀರಾತಿನಲ್ಲಿ ಸುಮ್ನೆ "4 ಎಚ್‌ಪಿ" ಅಂತ ಇದ್ದರೆ ಅದು ಪೀಕ್ ಅಂತಲೇ ಅಂದುಕೊಂಡು ಮುಂದುವರಿಯಿರಿ.

ಸಂಶಯ ಬಂದರೆ ಮೋಟರ್ ಮೇಲಿನ ಚೀಟಿಯೇ ಸಾಕ್ಷಿ. ಮುಂಭಾಗದ ಪ್ಲಾಸ್ಟಿಕ್ ಮುಚ್ಚಳವನ್ನು ನಾಲ್ಕೈದು ಸ್ಕ್ರೂ ಹಿಡಿದಿರುತ್ತವೆ. ಪ್ಲಗ್ ಕಿತ್ತು ಒಂದೆರಡಲ್ಲ, ಐದಾರು ನಿಮಿಷವಾದರೂ ಬಿಟ್ಟು ಆಮೇಲೆ ತೆಗೆಯಬೇಕು. ಯಾಕಂದರೆ ಪಕ್ಕದಲ್ಲೇ ಇರುವ ಕಂಟ್ರೋಲ್ ಬೋರ್ಡಿನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ಬೋರ್ಡನ್ನು ಮುಟ್ಟದೆ ಮೋಟರ್ ಚೀಟಿಯ ಫೋಟೋ ತೆಗೆದು ಕಳಿಸಿ ಅಂತ ಮಾರುವವರನ್ನು ಕೇಳಿ. ಅದರಲ್ಲಿ ವೋಲ್ಟ್ ಮತ್ತು ಆಂಪ್ ಬರೆದಿರುತ್ತದೆ. ಎರಡನ್ನೂ ಗುಣಿಸಿದರೆ ವ್ಯಾಟ್ ಸಿಗುತ್ತದೆ. ಅದನ್ನು 746ರಿಂದ ಭಾಗಿಸಿದರೆ ಎಚ್‌ಪಿ.

ಮೊದಲ ಮೆಷೀನ್‌ನ ಚೀಟಿಯಲ್ಲಿ 180 ವೋಲ್ಟ್, 6.5 ಆಂಪ್ ಇದೆ ಅಂದುಕೊಳ್ಳಿ. ಗುಣಿಸಿದರೆ 1170 ವ್ಯಾಟ್, ಅಂದರೆ ಸುಮಾರು 1.6 ಎಚ್‌ಪಿ. ಎರಡನೆಯದರಲ್ಲಿ 180 ವೋಲ್ಟ್, 11 ಆಂಪ್. ಅಲ್ಲಿಗೆ 1980 ವ್ಯಾಟ್, 2.65 ಎಚ್‌ಪಿ. ಇದು ಮೋಟರ್ ಒಳಗೆ ಹೋಗುವ ಕರೆಂಟಿನ ಲೆಕ್ಕ. ಬೆಲ್ಟಿಗೆ ಸಿಗುವುದು ಇದಕ್ಕಿಂತ ಒಂದಿಷ್ಟು ಕಡಿಮೆಯೇ. ಆದರೆ ಹೋಲಿಸಲು ಇಷ್ಟು ಸಾಕು. "4 ಎಚ್‌ಪಿ"ಯವನು "2.5"ನವನಿಗಿಂತ ಚಿಕ್ಕವನು.

ಚೀಟಿ ಸಿಗದಿದ್ದರೆ ಇನ್ನೊಂದು ದಾರಿ ಇದೆ. ಮೆಷೀನ್‌ನ ಸ್ವಿಚ್ ಪಕ್ಕದ ಬ್ರೇಕರ್ ಮೇಲೆ ಎಷ್ಟು ಆಂಪ್ ಅಂತ ಬರೆದಿದೆ ನೋಡಿ. 230 ವೋಲ್ಟ್ ಲೈನಿನಲ್ಲಿ 10 ಆಂಪ್ ಬ್ರೇಕರ್ ಇದ್ದರೆ ಒಂದೇ ಸಮನೆ ಎಳೆಯಬಹುದಾದದ್ದು ಹೆಚ್ಚೆಂದರೆ 2300 ವ್ಯಾಟ್. ಏನೂ ನಷ್ಟವಿಲ್ಲ ಅಂದುಕೊಂಡರೂ ಸುಮಾರು 3 ಎಚ್‌ಪಿ. ಅಂಥ ಮೆಷೀನ್ ಒಂದೇ ಸಮನೆ 4 ಎಚ್‌ಪಿ ಕೊಡಲಾರದು.

ಮೋಟರ್ ವಿಷಯದಲ್ಲಿ ರಿಪೇರಿಯವರಿಗೆ ಚೆನ್ನಾಗಿ ಗೊತ್ತಿರುವ ಇನ್ನೊಂದು ಸಂಗತಿ ಇದೆ. ವೇಗವಾಗಿ ಓಡಿದರೆ ಮೋಟರಿಗೆ ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಭಾರದ ವ್ಯಕ್ತಿ ನಿಧಾನವಾಗಿ, ಗಂಟೆಗೆ ಎರಡು ಮೂರು ಕಿ.ಮೀ. ವೇಗದಲ್ಲಿ ನಡೆದರೂ ಮೋಟರ್ ಚೆನ್ನಾಗಿಯೇ ಬಳಲುತ್ತದೆ. ನಡೆಯುವಾಗ ಕಾಲು ಬೆಲ್ಟಿನ ಮೇಲೆಯೇ ಇರುತ್ತದೆ, ಭಾರಕ್ಕೆ ಬೆಲ್ಟ್ ಹಲಗೆಗೆ ಒತ್ತಿಕೊಂಡು ಉಜ್ಜುತ್ತದೆ, ಮೋಟರ್ ಜಾಸ್ತಿ ಆಂಪ್ ಎಳೆಯುತ್ತದೆ. ಎಷ್ಟೋ ಮೋಟರ್‌ಗಳಲ್ಲಿ ತಂಪು ಮಾಡುವ ಫ್ಯಾನ್ ಅದೇ ಶಾಫ್ಟಿಗೆ ಕೂತಿರುತ್ತದೆ. ಬೆಲ್ಟ್ ನಿಧಾನವಾದರೆ ಫ್ಯಾನೂ ನಿಧಾನ. ಹೀಗಾಗಿ ಭಾರವಿರುವವರು "ನಾನು ಬರೀ ನಡೆಯುವುದು, ಚಿಕ್ಕ ಮೋಟರ್ ಸಾಕು" ಅಂದುಕೊಂಡು ಕೊಂಡ ಮೆಷೀನ್‌ಗಳ ಬೋರ್ಡ್ ಬೇಗ ಸುಡುತ್ತದೆ.

ಪರೀಕ್ಷೆಯನ್ನೂ ಹಾಗೇ ಮಾಡಬೇಕು. ನೋಡಲು ಹೋದಾಗ ಮನೆಯಲ್ಲಿ ಅತಿ ಭಾರದವರೇ ಹೋಗಿ. ಗಂಟೆಗೆ 3 ಕಿ.ಮೀ. ವೇಗದಲ್ಲಿ ಹತ್ತು ಹದಿನೈದು ನಿಮಿಷ ನಡೆಯಿರಿ. ಹೆಜ್ಜೆ ಇಟ್ಟಾಗಲೆಲ್ಲ ಬೆಲ್ಟ್ ಒಂದು ಕ್ಷಣ ತಡೆದು ಮುಂದೆ ಹೋಗುತ್ತಿದೆಯಾ? ಮುಚ್ಚಳದ ಹತ್ತಿರ ಸುಟ್ಟ ವಾಸನೆ ಬರುತ್ತಿದೆಯಾ? ಆಮೇಲೆ ಪ್ಲಗ್ ಕಿತ್ತು, ಬೆಲ್ಟಿನ ಅಂಚು ಎತ್ತಿ ಕೆಳಗೆ ಕೈ ಹಾಕಿ. ಬೆರಳಿಗೆ ನುಣ್ಣಗೆ, ತುಸು ಎಣ್ಣೆಯಂತೆ ಹತ್ತಿದರೆ ಸಿಲಿಕಾನ್ ಆಯಿಲ್ ಇದೆ ಅಂತ. ಒಣಗಿ ತರಿತರಿಯಾಗಿದ್ದರೆ, ಅಥವಾ ಹಲಗೆಯ ಮೇಲೆ ಕಾಲು ಬೀಳುವ ಜಾಗದಲ್ಲಿ ಬಣ್ಣ ಹೋಗಿ ತಗ್ಗು ಸಿಕ್ಕರೆ, ಬೆಲ್ಟ್ ಮತ್ತು ಹಲಗೆ ಎರಡಕ್ಕೂ ಖರ್ಚಿದೆ ಅಂತ ಲೆಕ್ಕ ಹಾಕಿಕೊಳ್ಳಿ. ಒಣಗಿದ ಬೆಲ್ಟಿನಿಂದ ಎಂಥ ಒಳ್ಳೇ ಮೋಟರೂ ಹಾಳಾಗುತ್ತದೆ. ಕೆಲವು ಮೆಷೀನ್‌ಗಳಲ್ಲಿ ಹಲಗೆಯನ್ನು ತಿರುಗಿಸಿ ಹಾಕಿ ಇನ್ನೊಂದು ಮುಖ ಬಳಸಬಹುದು, ಅದನ್ನೂ ಕೇಳಿಕೊಳ್ಳಿ.

"ಜಾಸ್ತಿ ಬಳಸಿಲ್ಲ" ಅನ್ನುವ ಮಾತಿಗೂ ಲೆಕ್ಕ ಉಂಟು. ಎಷ್ಟೋ ಮೆಷೀನ್‌ಗಳ ಡಿಸ್‌ಪ್ಲೇಯಲ್ಲಿ ಒಟ್ಟು ಗಂಟೆ, ಒಟ್ಟು ಕಿ.ಮೀ. ನೋಡುವ ವ್ಯವಸ್ಥೆ ಇರುತ್ತದೆ. ಎರಡನೇ ಮೆಷೀನ್ 620 ಗಂಟೆ, 3100 ಕಿ.ಮೀ. ತೋರಿಸಿತು ಅನ್ನೋಣ. ಭಾಗಿಸಿದರೆ ಗಂಟೆಗೆ 5 ಕಿ.ಮೀ. ಇದು ಬಹುಪಾಲು ನಡಿಗೆಗೇ ಬಳಸಿದ ಮೆಷೀನ್. ಮೊದಲನೆಯದು 70 ಗಂಟೆ ಮಾತ್ರ. ಅದು ಒಳ್ಳೆಯದೇ, ಆದರೆ ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಮೆಷೀನ್‌ನಲ್ಲಿ ಆಯಿಲ್ ಒಣಗಿರುವ ಸಾಧ್ಯತೆ ಜಾಸ್ತಿ. ಕಡಿಮೆ ಗಂಟೆ ನೋಡಿ ಕೈ ಹಾಕಿ ನೋಡುವುದನ್ನು ಬಿಡಬೇಡಿ.

ಅಳತೆ

ಮಾರುವವರು ಕೊಡುವುದು ಮೆಷೀನ್‌ನ ಹೊರ ಅಳತೆ. ನಿಮ್ಮ ಕಾಲಿಗೆ ಬೇಕಾದದ್ದು ಬೆಲ್ಟಿನ ಅಳತೆ. ನಡಿಗೆಗೆ 120 ಸೆಂ.ಮೀ. ಉದ್ದ ಸಾಕು. 178 ಸೆಂ.ಮೀ. ಎತ್ತರದವರು ಓಡಬೇಕಾದರೆ 140 ಇದ್ದರೆ ನೆಮ್ಮದಿ. ಇಲ್ಲದಿದ್ದರೆ ಹಿಂಗಾಲು ಬೆಲ್ಟಿನ ತುದಿಗೆ ಹೋಗುತ್ತದೆ, ಓಡುವವರು ಹೆದರಿ ಹೆಜ್ಜೆ ಚಿಕ್ಕದು ಮಾಡಿಕೊಳ್ಳುತ್ತಾರೆ. ಅಗಲ 40 ಇದ್ದರೆ ನಡೆಯಬಹುದು, ಓಡಲು 50ರ ಆಸುಪಾಸು ಬೇಕು. ನಮ್ಮ ಮೂರರಲ್ಲಿ ಬೆಲ್ಟ್ ಕ್ರಮವಾಗಿ 42×120, 51×142, 40×105.

ಮನೆಯ ಜಾಗಕ್ಕೆ ಬಂದರೆ, ಮೆಷೀನ್ ಎಷ್ಟು ಉದ್ದವೋ ಅಷ್ಟೇ ಜಾಗ ಸಾಲದು. ಕಾಲು ಜಾರಿದರೆ ಬೆಲ್ಟ್ ನಿಮ್ಮನ್ನು ಹಿಂದಕ್ಕೆ ಎಸೆಯುತ್ತದೆ. ಹಿಂದೆ ಗೋಡೆ ಇದ್ದರೆ ಗೋಡೆಗೂ ಓಡುತ್ತಿರುವ ಬೆಲ್ಟಿಗೂ ನಡುವೆ ಸಿಕ್ಕಿಹಾಕಿಕೊಳ್ಳುತ್ತೀರಿ. ಚರ್ಮ ಕಿತ್ತುಬರುವ ಗಾಯ ಆಗುವುದು ಹೀಗೆಯೇ. ಹಿಂದೆ 2 ಮೀಟರ್ ಖಾಲಿ ಬಿಡುವುದು ಒಳ್ಳೆಯದು, ಎರಡೂ ಪಕ್ಕ ಅರ್ಧ ಮೀಟರ್. ಎರಡನೇ ಮೆಷೀನ್ 182 ಸೆಂ.ಮೀ. ಉದ್ದ. ಅಂದರೆ ಅದಕ್ಕೆ ಸುಮಾರು 3.8 ಮೀಟರ್ ಬೇಕು. ಮಡಚುವ ಮೆಷೀನ್‌ಗೂ ಬಳಸುವಾಗ ಬೇಕಾದ ಜಾಗ ಕಡಿಮೆಯೇನೂ ಆಗುವುದಿಲ್ಲ. ಬಳಸದಾಗ ಮಾತ್ರ ಜಾಗ ಉಳಿಯುತ್ತದೆ, ಅಷ್ಟೇ.

ಮೇಲಕ್ಕೂ ನೋಡಿ. 178 ಸೆಂ.ಮೀ.ಗೆ ಹಲಗೆಯ ಎತ್ತರ 22 ಸೇರಿಸಿ. ಏರು ಶೇಕಡಾ 10 ಇಟ್ಟರೆ ಮುಂಭಾಗ ಇನ್ನೊಂದು 14 ಏರುತ್ತದೆ. ಓಡುವಾಗ ತಲೆ ಮೇಲೆ ಹೋಗುವುದಕ್ಕೆ 10. ಒಟ್ಟು 224. ಚಾವಣಿ 2.7 ಮೀಟರ್ ಇದ್ದರೂ ನೇರ ಮೇಲೆ ಫ್ಯಾನ್ ತೂಗುತ್ತಿದ್ದರೆ ಆ ಜಾಗ ಬೇಡವೇ ಬೇಡ.

ತರುವ ಕಷ್ಟ

ಜಾಹೀರಾತಿನಲ್ಲಿ ಅರ್ಧ ಸಾಲು ಸಿಗುವ ಈ ವಿಷಯವೇ ನಮ್ಮ ಉದಾಹರಣೆಯಲ್ಲಿ ತೀರ್ಮಾನ ಮಾಡುವುದು. "ಇಬ್ಬರು ಬಂದರೆ ಸಾಕು" ಅಂತ ಮಾರುವವರು ಹೇಳಬಹುದು. 52 ಕೆಜಿಗೆ ಅದು ನಿಜ. 98 ಕೆಜಿಗೆ ಸಮತಟ್ಟು ನೆಲದಲ್ಲಿ ಮಾತ್ರ ನಿಜ, ಅಲ್ಲಿ ಚಕ್ರಗಳಿವೆ. ಮೆಟ್ಟಿಲ ಮೇಲೆ ಚಕ್ರದಿಂದ ಏನೂ ಪ್ರಯೋಜನವಿಲ್ಲ. ಮೋಟರ್ ಇರುವುದು ಮುಂದೆ, ಹಾಗಾಗಿ ತೂಕ ಅರ್ಧಕ್ಕೆ ಅರ್ಧ ಹಂಚಿಕೆಯಾಗುವುದಿಲ್ಲ. ಮೇಲೆ ಹತ್ತುವಾಗ ಕೆಳಗಿರುವವನ ಮೇಲೆ ಇನ್ನಷ್ಟು ಬೀಳುತ್ತದೆ. ಮೆಟ್ಟಿಲಿಗೆ ನಾಲ್ಕು ಜನ ಬೇಕು, ಮತ್ತು ಬಿಚ್ಚಿಯೇ ತರಬೇಕು.

ಬಿಚ್ಚುವುದು ಅಂದರೆ ಡಿಸ್‌ಪ್ಲೇ ಮತ್ತು ಎರಡು ಕಂಬಗಳನ್ನು ತೆಗೆಯುವುದು. ಸಾಮಾನ್ಯವಾಗಿ ಅಲೆನ್ ಕೀ, ಒಂದು ಸ್ಕ್ರೂಡ್ರೈವರ್, ಸ್ಪ್ಯಾನರ್ ಇದ್ದರೆ ಸಾಕು. ಒಂದು ಕಂಬದೊಳಗೆ ಡಿಸ್‌ಪ್ಲೇಯಿಂದ ಬೋರ್ಡಿಗೆ ಹೋಗುವ ವೈರ್ ಇರುತ್ತದೆ. ಅದನ್ನು ಎಳೆದು ತೆಗೆಯುವ ಮೊದಲು ತುದಿಗೆ ಒಂದು ಉದ್ದ ದಾರ ಕಟ್ಟಿ. ವೈರ್ ಹೊರಬಂದಾಗ ದಾರ ಕಂಬದೊಳಗೆ ಉಳಿಯುತ್ತದೆ, ಮತ್ತೆ ಜೋಡಿಸುವಾಗ ಅದೇ ದಾರದಿಂದ ವೈರನ್ನು ಎಳೆದುಕೊಳ್ಳಬಹುದು. ಹೀಗೆ ಮಾಡದೆ ಆಮೇಲೆ ಒತ್ತಿ ತುರುಕಿದರೆ ವೈರ್ ಕಂಬದ ಸಂದಿಗೆ ಸಿಕ್ಕಿ ಜಜ್ಜಿಹೋಗುತ್ತದೆ, ಡಿಸ್‌ಪ್ಲೇ ಹತ್ತುವುದೇ ಇಲ್ಲ. ಪ್ರತಿ ಕನೆಕ್ಟರ್ ಕೀಳುವ ಮೊದಲು ಫೋಟೋ ತೆಗೆಯಿರಿ. ಎಡದ ಬೋಲ್ಟ್, ಬಲದ ಬೋಲ್ಟ್ ಬೇರೆ ಬೇರೆ ಚೀಲದಲ್ಲಿರಲಿ.

ಮಡಚುವ ಮೆಷೀನ್‌ಗೆ ಇನ್ನೊಂದು ಎಚ್ಚರಿಕೆ. ಮಡಚಿದ ಹಲಗೆಯನ್ನು ಹಿಡಿದಿರುವುದು ಒಂದು ಚಿಕ್ಕ ಕೊಂಡಿ ಮಾತ್ರ. ಸಾಗಿಸುವಾಗ ಅದು ಬಿಟ್ಟುಕೊಂಡರೆ ಹಲಗೆ ಕೈ ಮೇಲೆ ಬೀಳುತ್ತದೆ. ಎರಡು ಕಡೆ ಗಟ್ಟಿ ಪಟ್ಟಿ ಅಥವಾ ಹಗ್ಗದಿಂದ ಕಟ್ಟಿಯೇ ಎತ್ತಿ. ಎತ್ತುವಾಗ ಕಬ್ಬಿಣದ ಚೌಕಟ್ಟು ಹಿಡಿಯಿರಿ. ಮೋಟರ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಹಿಡಿದರೆ ಅದು ಮುರಿದು ಕೈಗೆ ಬರುತ್ತದೆ.

ಬಾಗಿಲು ಮತ್ತು ಮೆಟ್ಟಿಲ ತಿರುವನ್ನು ಹೋಗುವ ಮೊದಲೇ ಅಳೆಯಬೇಕು. ಎರಡನೇ ಮೆಷೀನ್ 85 ಸೆಂ.ಮೀ. ಅಗಲ, ಎಷ್ಟೋ ಬಾಗಿಲುಗಳಲ್ಲಿ ಮಲಗಿಸಿದಂತೆ ಹೋಗುವುದಿಲ್ಲ. ಕಂಬ ತೆಗೆದರೆ ದಪ್ಪ 30 ಸೆಂ.ಮೀ. ಅಷ್ಟೇ. ಪಕ್ಕಕ್ಕೆ ವಾಲಿಸಿ ಒಳಗೆ ತರಬಹುದು. ತಿರುವಿಗೆ ಒಂದು ಸುಲಭ ಉಪಾಯ ಇದೆ. 182 ಸೆಂ.ಮೀ. ಉದ್ದದ ಕೋಲು ಹಿಡಿದು ಮೆಟ್ಟಿಲು ಹತ್ತಿ ನೋಡಿ, ಎರಡೂ ಪಕ್ಕ ಒಂದು ಗೇಣು ಬಿಟ್ಟು. ಕೋಲು ತಿರುಗದ ಕಡೆ ಮೆಷೀನ್ ಖಂಡಿತ ತಿರುಗುವುದಿಲ್ಲ.

ಟ್ರೆಡ್‌ಮಿಲ್ ಅಲ್ಲದೆ ಮಲ್ಟಿಜಿಮ್ ನೋಡುತ್ತಿದ್ದರೆ ಲೆಕ್ಕ ಸ್ವಲ್ಪ ಬೇರೆ. ಮೋಟರ್ ಇಲ್ಲ. ಅಲ್ಲಿ "70 ಕೆಜಿ" ಅಂತ ಬರೆದಿದ್ದರೆ ಅದು ಎಳೆಯುವ ತೂಕದ ಫಲಕಗಳದ್ದೋ, ಕೂರುವವರ ಮಿತಿಯೋ ಅಂತ ಮೊದಲು ಕೇಳಿ. ಫಲಕಗಳನ್ನು ಒಂದೊಂದಾಗಿ ಹೊರಬಹುದು, ಆದ್ದರಿಂದ ಒಟ್ಟು ತೂಕ ಜಾಸ್ತಿ ಇದ್ದರೂ ಮೆಟ್ಟಿಲು ಹತ್ತಿಸುವುದು ಸುಲಭ. ಸಮಯ ಹಿಡಿಯುವುದು ಕೇಬಲ್ ಮತ್ತು ರಾಟೆಗಳನ್ನು ಮತ್ತೆ ಸರಿಯಾಗಿ ಹಾಕುವುದಕ್ಕೆ.

ಹಾಗಾದರೆ ಯಾವುದು?

ನಮ್ಮ ಮನೆಯವರು ಓಡಲೇಬೇಕು ಅನ್ನುವುದಾದರೆ ಎರಡನೆಯದು. ಬೇರೆ ಎರಡೂ ಆಯ್ಕೆಯಲ್ಲೇ ಇಲ್ಲ. ಆದರೆ ನಾಲ್ಕು ಜನ ಸಿಗಬೇಕು, ಬಿಚ್ಚಲು ಮಾರುವವರು ಒಪ್ಪಬೇಕು, ಕೋಲು ತಿರುಗಬೇಕು. ಸಾಗಣೆಯ ಖರ್ಚನ್ನು ಮೆಷೀನ್‌ನ ಬೆಲೆಗೆ ಸೇರಿಸಿಯೇ ಹೋಲಿಸಿ.

ಓಟದ ಆಸೆ ಅಷ್ಟೊಂದು ಗಟ್ಟಿ ಇಲ್ಲ, ಇಬ್ಬರೂ ನಡೆಯುತ್ತೇವೆ ಅಷ್ಟೇ ಅಂದರೆ ಮೊದಲನೆಯದನ್ನು ನೋಡಬಹುದು. ಆದರೆ ಅದನ್ನು 1.6 ಎಚ್‌ಪಿ ಮೆಷೀನ್ ಅಂತ ತಿಳಿದುಕೊಂಡೇ ಚೌಕಾಸಿ ಮಾಡಬೇಕು, 4 ಎಚ್‌ಪಿ ಅಂತಲ್ಲ. 92 ಕೆಜಿಯವರು ಅದರಲ್ಲಿ ನಿಧಾನ ನಡಿಗೆಯನ್ನು ತುಂಬ ಹೊತ್ತು ಎಳೆಯುವ ಬದಲು, ಅಭ್ಯಾಸವಾದ ಮೇಲೆ ಗಂಟೆಗೆ 4–5 ಕಿ.ಮೀ. ವೇಗದಲ್ಲಿ ನಡೆಯುವುದು ಮೋಟರಿಗೂ ಒಳ್ಳೆಯದು. ಆಯಿಲ್ ತಪ್ಪಿಸಬಾರದು. ವಾಕಿಂಗ್ ಪ್ಯಾಡ್ 64 ಕೆಜಿಯವರೊಬ್ಬರಿಗೇ ಆದರೆ ಚೆನ್ನಾಗಿದೆ. ಹಿಡಿದುಕೊಳ್ಳಲು ಕಂಬಿ ಇಲ್ಲದ್ದನ್ನು ವಯಸ್ಸಾದವರಿಗೆ ನಾನು ಹೇಳುವುದಿಲ್ಲ.

ನೀವೇ ಮಾರುವುದಾದರೆ

ಎರಡನೇ ಮೆಷೀನ್‌ನ ಯಜಮಾನರು "ಗಟ್ಟಿ ಮೆಷೀನ್, ಸ್ವಲ್ಪ ಭಾರ" ಅಂತ ಬರೆದು ಒಳ್ಳೇ ಮೆಷೀನನ್ನು ಹಿಂದಿಟ್ಟುಕೊಂಡರು. ಅದನ್ನೇ ಹೀಗೆ ಬರೆಯಬಹುದಿತ್ತು:

"ಟ್ರೆಡ್‌ಮಿಲ್. ಬಳಕೆದಾರರ ಮಿತಿ 135 ಕೆಜಿ. ಮೋಟರ್ ಕಂಟಿನ್ಯುಯಸ್ 2.5 ಎಚ್‌ಪಿ, ಚೀಟಿಯ ಫೋಟೋ ಹಾಕಿದ್ದೇನೆ. ಬೆಲ್ಟ್ 51×142 ಸೆಂ.ಮೀ. ಹೊರ ಅಳತೆ 182×85, ಎತ್ತರ 140. ಮೆಷೀನ್ ತೂಕ 98 ಕೆಜಿ. ಒಟ್ಟು 620 ಗಂಟೆ ಓಡಿದೆ. ಬೆಲ್ಟ್ ಮೂಲದ್ದೇ, ಎಡ ಅಂಚು ಸ್ವಲ್ಪ ಸವೆದಿದೆ. ನಮ್ಮದು ಮೊದಲ ಮಹಡಿ, ಲಿಫ್ಟ್ ಇಲ್ಲ, ಮೆಟ್ಟಿಲಲ್ಲಿ ಒಂದು ತಿರುವು. ಕಂಬ ಬಿಚ್ಚಿ ಇಟ್ಟಿರುತ್ತೇನೆ, ಅದಕ್ಕೆ ಮೊದಲು ಓಡಿಸಿ ತೋರಿಸುತ್ತೇನೆ. ನಾಲ್ಕು ಜನ ಬನ್ನಿ."

ಇದರ ಜೊತೆಗೆ ಬೆಲ್ಟಿನ ಹತ್ತಿರದ ಫೋಟೋ, ಓಡುತ್ತಿರುವಾಗಿನ ಒಂದು ಚಿಕ್ಕ ವೀಡಿಯೋ, ಮತ್ತು ಮೆಟ್ಟಿಲಿನ ಫೋಟೋ ಹಾಕಿ. ಮೆಟ್ಟಿಲಿನ ಫೋಟೋ ನೋಡಿ ಹಿಂಜರಿಯುವವರು ಮನೆಗೆ ಬಂದ ಮೇಲೂ ಹಿಂಜರಿಯುತ್ತಿದ್ದರು. ಹೊರುವ ಜನರನ್ನು ಕರೆದುಕೊಂಡೇ ಬರುವವರು ಫೋನ್ ಮಾಡುತ್ತಾರೆ.